ರೆಡಿಮೇಡ್ ಪ್ಯಾಂಟು, ಶರ್ಟು ಮನೆಯಲ್ಲೇ ಸರಿಮಾಡುವುದು: ಮೊದಲು ಸೊಂಟ, ಆಮೇಲೆ ಉದ್ದ, ಕೊನೆಗೆ ತೋಳು

ನನ್ನ ಹೊಲಿಗೆ ಮೆಷಿನ್ ಹತ್ತಿರ ಕೆಟ್ಟು ಬರುವ ಬಟ್ಟೆಗಳಲ್ಲಿ ಹೆಚ್ಚಿನವಕ್ಕೆ ಒಂದೇ ಕಥೆ. ಪ್ಯಾಂಟು ಉದ್ದ ಇತ್ತು, ಮನೆಯಲ್ಲೇ ಮಡಿಚಿ ಹೊಲಿದರು. ಸೊಂಟ ಸಡಿಲ ಅಂತ ಒಂದು ವಾರ ಬಿಟ್ಟು ಗೊತ್ತಾಯಿತು, ಅದನ್ನೂ ಹಿಡಿದರು. ಈಗ ಪ್ಯಾಂಟು ಗಿಡ್ಡ. ಕತ್ತರಿಸಿದ ಬಟ್ಟೆ ಮತ್ತೆ ಬೆಳೆಯುವುದಿಲ್ಲವಲ್ಲ. ಹೊಲಿಗೆ ಬರದೆ ಕೆಟ್ಟದ್ದಲ್ಲ ಇದು, ಕೆಲಸದ ಸರದಿ ತಪ್ಪಿ ಕೆಟ್ಟದ್ದು.

ಕಾರಣ ಸರಳ. ಸೊಂಟ ಸಡಿಲ ಇರುವ ಪ್ಯಾಂಟು ಸೊಂಟದಲ್ಲಿ ನಿಲ್ಲುವುದಿಲ್ಲ, ಜಾರಿ ಕೆಳಗೆ ಕೂರುತ್ತದೆ. ಸೊಂಟ ಹಿಡಿದ ಕೂಡಲೇ ತನ್ನ ಜಾಗಕ್ಕೆ ಮೇಲೇರುತ್ತದೆ, ಜೊತೆಗೆ ಕೆಳಗಿನ ಅಂಚೂ ಮೇಲೆ ಹೋಗುತ್ತದೆ. ಹೋಗುವುದು ಅರ್ಧ ಇಂಚೇ ಆದರೂ ಕಾಲುಚೀಲ ಕಾಣಲು ಅಷ್ಟು ಸಾಕು. ಅದಕ್ಕೇ ಉದ್ದದ ಗುರುತು ಯಾವಾಗಲೂ ಸೊಂಟ ಮುಗಿದ ಮೇಲೆ.

ಇತ್ತೀಚೆಗೆ ಅಕ್ಕನ ಮಗನಿಗೆ ಮೊದಲ ಕೆಲಸ ಸಿಕ್ಕಿತು. ಅವನ ಒಂದು ಫಾರ್ಮಲ್ ಪ್ಯಾಂಟು ಮತ್ತು ಒಂದು ಫುಲ್ ತೋಳಿನ ಶರ್ಟನ್ನು ನಾನೇ ಸರಿಮಾಡಿಕೊಟ್ಟೆ. ಅದೇ ಎರಡನ್ನು ಇಟ್ಟುಕೊಂಡು, ಅವೇ ಅಳತೆಗಳಲ್ಲಿ ಹೇಳುತ್ತೇನೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಟೇಪು, ಟೈಲರ್ ಚಾಕು ಅಂದರೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆ, ಗುಂಡುಪಿನ್ನು, ಕೈಸೂಜಿ, ಚೂಪಾದ ಕತ್ತರಿ, ಇಸ್ತ್ರಿ ಪೆಟ್ಟಿಗೆ, ಒಂದು ತೆಳು ಹತ್ತಿ ಬಟ್ಟೆ. ಮೆಷಿನ್ನಿಗೆ ಪ್ಯಾಂಟಿನ ಬಟ್ಟೆಗೆ 14 ನಂಬರ್ ಸೂಜಿ, ಶರ್ಟಿಗೆ 11. ಒಂದೇ ಸೂಜಿಯಲ್ಲಿ ಎರಡನ್ನೂ ಹೊಲಿದರೆ ಶರ್ಟಿನ ಮೇಲೆ ದಪ್ಪ ತೂತು ಬೀಳುತ್ತದೆ.

ಹೊಲಿಗೆ ಬಿಚ್ಚಲು ಸೀಮ್ ರಿಪ್ಪರ್ ತೆಗೆದುಕೊಳ್ಳಿ. ನೂಲಿನಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಬ್ಲೇಡಿನಲ್ಲಿ ಬಿಚ್ಚುವ ಅಭ್ಯಾಸ ತುಂಬ ಜನರಿಗಿದೆ. ನಾನೂ ಹಾಗೇ ಕಲಿತವಳು, ಒಂದು ಒಳ್ಳೆಯ ಪ್ಯಾಂಟಿನ ಸೀಟಿನಲ್ಲಿ ಗೀರು ಬಿದ್ದ ಮೇಲೆ ಬಿಟ್ಟೆ. ರಿಪ್ಪರಿನಲ್ಲೂ ಒಂದೇ ಎಳೆತಕ್ಕೆ ಸರ್ರನೆ ಸೀಳಬೇಡಿ. ನಾಲ್ಕು ಹೊಲಿಗೆಗೊಂದು ಕತ್ತರಿಸುತ್ತ ಹೋಗಿ, ಆಮೇಲೆ ಹಿಂಬದಿಯ ನೂಲು ಎಳೆದರೆ ಇಡೀ ಸಾಲು ಬರುತ್ತದೆ.

ಹಂತ 1: ಒಗೆದು, ಇಸ್ತ್ರಿ ಮಾಡಿ, ಆಮೇಲೆ ಟೇಪು ಹಿಡಿಯಿರಿ

ಹತ್ತಿ ಬಟ್ಟೆ ಮೊದಲ ನೀರಿಗೆ ಎಳೆದುಕೊಳ್ಳುತ್ತದೆ. ಅಂಗಡಿಯಿಂದ ತಂದ ದಿನವೇ ಉದ್ದ ಕತ್ತರಿಸಿ, ಒಗೆದ ಮೇಲೆ ಗಿಡ್ಡವಾಯಿತು ಅನ್ನುವವರು ಈ ಹಂತ ಬಿಟ್ಟವರು. ನಿತ್ಯ ಹೇಗೆ ಒಗೆಯುತ್ತೀರೋ ಹಾಗೇ ಒಮ್ಮೆ ಒಗೆದು ಒಣಗಿಸಿ. ಸುಕ್ಕಿದ್ದರೆ ಅಳತೆ ಸುಳ್ಳು ಹೇಳುತ್ತದೆ, ಆದ್ದರಿಂದ ಇಸ್ತ್ರಿಯೂ ಈಗಲೇ. ಟೆರಿಕಾಟ್ ಅಥವಾ ಮಿಶ್ರ ನೂಲಿನ ಕಡುಬಣ್ಣದ ಪ್ಯಾಂಟಿನ ಮೇಲೆ ಹತ್ತಿ ಬಟ್ಟೆ ಹಾಸಿಯೇ ಇಸ್ತ್ರಿ ಮಾಡಿ. ನೇರ ಬಿಸಿ ತಾಗಿದ ಕಡೆ ಮಿಣಮಿಣ ಹೊಳಪು ಬಂದರೆ ಅದು ಹೋಗುವುದು ಕಷ್ಟ.

ಹಂತ 2: ಸೊಂಟ ಹಿಡಿಯಬಹುದೋ ಇಲ್ಲವೋ ನೋಡಿ

ಪ್ಯಾಂಟನ್ನು ಉಲ್ಟಾ ಮಾಡಿ ಹಿಂಬದಿಯ ನಡುಮಧ್ಯ ನೋಡಿ. ಸೀಟಿನ ನಡುವಿನ ಹೊಲಿಗೆ ಸೊಂಟಪಟ್ಟಿಯನ್ನೂ ದಾಟಿ ಮೇಲಿನ ಅಂಚಿನವರೆಗೆ ಹೋಗಿದ್ದರೆ ಪಟ್ಟಿ ಎರಡು ತುಂಡಿನದು ಎಂದರ್ಥ. ಇಂಥದ್ದನ್ನು ಮನೆಯಲ್ಲಿ ಹಿಡಿಯಬಹುದು. ಬಹಳಷ್ಟು ಫಾರ್ಮಲ್ ಪ್ಯಾಂಟುಗಳು ಹೀಗೇ ಇರುತ್ತವೆ. ಜೀನ್ಸಿನಲ್ಲಿ ಸಾಮಾನ್ಯವಾಗಿ ಪಟ್ಟಿ ಅಖಂಡ, ನಡುವೆ ಹೊಲಿಗೆಯೇ ಇರುವುದಿಲ್ಲ. ಅದಕ್ಕೆ ಪಟ್ಟಿ ಬಿಚ್ಚಿ, ನಡುವೆ ಕತ್ತರಿಸಿ, ಕೂಡಿಸಿ, ಮತ್ತೆ ಕೂರಿಸಬೇಕು. ಏಳೆಂಟು ಪದರದ ದಪ್ಪ ಬಟ್ಟೆಯನ್ನು ಮನೆಯ ಮೆಷಿನ್ ಎಳೆಯುವುದಿಲ್ಲ. ಅದನ್ನು ಟೈಲರಿಗೆ ಕೊಡುವುದೇ ಸರಿ. ಪಟ್ಟಿಯಲ್ಲಿ ಎರಡು ಸಣ್ಣ ಮಡಿಕೆ ಹಾಕಿ ಮುಗಿಸುವ ದಾರಿ ಹಿಡಿಯಬೇಡಿ, ಬೆಲ್ಟಿನ ಕೆಳಗೆ ಗಂಟಿನ ಹಾಗೆ ಒತ್ತುತ್ತದೆ.

ಎಷ್ಟು ಹಿಡಿಯಬಹುದು ಎಂಬುದಕ್ಕೂ ಮಿತಿ ಇದೆ. ಹಿಂಬದಿಯಿಂದ ಒಂದೂವರೆ ಇಂಚು ಆರಾಮ, ಎರಡು ಇಂಚು ಕೊನೆ. ಅದನ್ನು ಮೀರಿದರೆ ಹಿಂದಿನ ಎರಡು ಜೇಬುಗಳು ಒಂದಕ್ಕೊಂದು ಅಂಟಿದ ಹಾಗೆ ಹತ್ತಿರ ಬರುತ್ತವೆ, ಪಕ್ಕದ ಹೊಲಿಗೆಗಳು ಹಿಂದಕ್ಕೆ ಸರಿಯುತ್ತವೆ, ಮುಂದಿನ ಜೇಬಿನ ಬಾಯಿ ತೆರೆದು ನಿಲ್ಲುತ್ತದೆ. ಮೂರು ಇಂಚು ಸಡಿಲ ಇರುವ ಪ್ಯಾಂಟು ಬೇರೆಯವರ ಪ್ಯಾಂಟು, ಬದಲಾಯಿಸಿಕೊಂಡು ಬನ್ನಿ.

ಅಳೆಯುವಾಗ ಒಳಗಿನ ಲೇಬಲ್ ನಂಬಬೇಡಿ, ಪಟ್ಟಿಯನ್ನೇ ಟೇಪಿನಲ್ಲಿ ಅಳೆಯಿರಿ. ನಮ್ಮ ಹುಡುಗನ ಪ್ಯಾಂಟಿನ ಮೇಲೆ 34 ಅಂತ ಇತ್ತು, ಪಟ್ಟಿ ಅಳೆದರೆ 34.5. ಶರ್ಟು ಒಳಗೆ ಹಾಕಿ, ಟೇಪಿನ ಕೆಳಗೆ ಒಂದು ಬೆರಳು ಬಿಟ್ಟು ಅವನ ಸೊಂಟ ಅಳೆದಾಗ 33 ಬಂತು. ಕಡಿಮೆ ಮಾಡಬೇಕಾದ್ದು ಒಂದೂವರೆ ಇಂಚು.

ಹಂತ 3: ಸೊಂಟ ಹಿಡಿಯುವುದು

ಹಿಂದಿನ ನಡುವೆ ಬೆಲ್ಟಿನ ಲೂಪ್ ಇದ್ದರೆ ಮೊದಲು ಅದನ್ನು ಬಿಚ್ಚಿ ಪಕ್ಕಕ್ಕಿಡಿ. ಸೊಂಟಪಟ್ಟಿಯ ಒಳಗಿನ ಅಸ್ತರಿ ಕೆಳಗಡೆ ಹೊಲಿಗೆಯಲ್ಲಿ ಹಿಡಿದಿರುತ್ತದೆ. ನಡುವಿನಿಂದ ಆಚೆ ಮೂರು ಇಂಚು, ಈಚೆ ಮೂರು ಇಂಚು ಅದನ್ನು ಬಿಚ್ಚಿ ಮೇಲಕ್ಕೆ ಎತ್ತಿ. ಈಗ ಅಸ್ತರಿ, ಪಟ್ಟಿ, ಸೀಟು ಮೂರೂ ಒಂದೇ ಉದ್ದ ಹೊಲಿಗೆಯಾಗಿ ಕಾಣುತ್ತವೆ. ಹಳೆಯ ಹೊಲಿಗೆಯನ್ನು ಈಗ ಬಿಚ್ಚಬೇಡಿ. ಎರಡು ಭಾಗ ಸರಿಸಮ ಕೂತಿರುವುದು ಅದರ ಹಿಡಿತದಿಂದಲೇ. ಹೊಸ ಹೊಲಿಗೆ ಬಿದ್ದ ಮೇಲೆ ಅದಕ್ಕೆ ಬಿಡುಗಡೆ.

ಇನ್ನು ಗುರುತು. ಅತಿ ಹೆಚ್ಚು ಜನ ತಪ್ಪುವುದು ಇಲ್ಲೇ. ಒಂದೂವರೆ ಇಂಚು ಕಡಿಮೆ ಮಾಡಬೇಕು ಅಂತ ಹಳೆಯ ಹೊಲಿಗೆಯಿಂದ ಒಂದೂವರೆ ಇಂಚು ಒಳಗೆ ಗೆರೆ ಎಳೆಯುತ್ತಾರೆ. ಅಲ್ಲಿ ಬಟ್ಟೆ ಎರಡು ಪದರ ಇದೆ, ಎರಡರಿಂದಲೂ ಒಂದೂವರೆ ಹೋದರೆ ಒಟ್ಟು ಮೂರು ಇಂಚು ಹೋಯಿತು. ಗೆರೆ ಬೀಳಬೇಕಾದ್ದು ಅರ್ಧಕ್ಕೆ, ಮುಕ್ಕಾಲು ಇಂಚಿಗೆ.

ಅಸ್ತರಿಯ ತುದಿಯಿಂದ ಪಟ್ಟಿಯ ಕೆಳ ಅಂಚಿನವರೆಗೆ ಹಳೆಯ ಹೊಲಿಗೆಗೆ ಸಮನಾಗಿ ಮುಕ್ಕಾಲು ಇಂಚು ಒಳಗೆ ನೇರ ಗೆರೆ ಎಳೆಯಿರಿ. ಅಲ್ಲಿಂದ ಕೆಳಗೆ ಗೆರೆ ನಿಧಾನವಾಗಿ ಹಳೆಯ ಹೊಲಿಗೆಯ ಕಡೆ ಬರಬೇಕು. ಪಟ್ಟಿಯಿಂದ ಸುಮಾರು 7 ಇಂಚು ಕೆಳಗೆ ಅದನ್ನು ಸೇರಬೇಕು, ಸೇರಿದ ಮೇಲೂ ಒಂದು ಇಂಚು ಅದರ ಮೇಲೆಯೇ ಸಾಗಬೇಕು. ಮೂರು ನಾಲ್ಕು ಇಂಚಿನಲ್ಲೇ ಗಬಕ್ಕನೆ ಸೇರಿಸಿದರೆ ಸೇರಿದ ಜಾಗದಲ್ಲಿ ಸೀಟಿನ ಮೇಲೆ ಪುಟ್ಟ ಚೀಲದಂತೆ ಉಬ್ಬು ಬರುತ್ತದೆ. ಎಷ್ಟು ಇಸ್ತ್ರಿ ಮಾಡಿದರೂ ಆ ಉಬ್ಬು ಕೂರುವುದಿಲ್ಲ, ಬಿಚ್ಚಿ ಗೆರೆಯನ್ನು ಉದ್ದ ಮಾಡುವುದೊಂದೇ ದಾರಿ.

ಗೆರೆಯ ಮೇಲೆ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ, ತೊಡಿಸಿ ನೋಡಿ. ನಿಂತು ನೋಡಿದರೆ ಸಾಲದು, ಕುರ್ಚಿಯ ಮೇಲೆ ಕೂರಿಸಿ, ಬಗ್ಗಿಸಿ. ಕೂತಾಗ ಮುಂದಿನ ಜೇಬು ಬಾಯಿಬಿಟ್ಟರೆ, ಜಿಪ್ಪಿನ ಪಕ್ಕದಿಂದ ಅಡ್ಡ ಗೆರೆಗಳು ಎಳೆದುಕೊಂಡರೆ ಹೆಚ್ಚು ಹಿಡಿದಿದ್ದೀರಿ. ನಮ್ಮ ಹುಡುಗ ಕೂತಾಗ ಏನೂ ಎಳೆಯಲಿಲ್ಲ, ಹಿಂದೆ ಪಟ್ಟಿಯೂ ಬೆನ್ನಿನಿಂದ ದೂರ ಸರಿಯಲಿಲ್ಲ. ಅಲ್ಲಿಗೆ ಮೆಷಿನ್ ಹೊಲಿಗೆ.

ಹೊಲಿಗೆ ಸಣ್ಣದಿರಲಿ, ಇಂಚಿಗೆ ಹತ್ತರಿಂದ ಹನ್ನೆರಡು. ಸೀಟಿನ ತಿರುವಿನಲ್ಲಿ ಬಟ್ಟೆಯನ್ನು ಹಿಂದೆ ಮುಂದೆ ಎರಡೂ ಕೈಯಲ್ಲಿ ತುಸು ಬಿಗಿಯಾಗಿ ಹಿಡಿದು ಹೊಲಿಯಿರಿ, ಅದೇ ಸಾಲಿನ ಮೇಲೆ ಇನ್ನೊಂದು ಸಾಲು ಹಾಕಿ. ಸಡಿಲ, ಉದ್ದ ಹೊಲಿಗೆ ಹಾಕಿದ ಸೀಟು ಬಸ್ಸು ಹತ್ತುವಾಗಲೇ ಪಟ್ಟೆಂದು ಬಿಡುತ್ತದೆ. ಈಗ ಹಳೆಯ ಹೊಲಿಗೆ ಬಿಚ್ಚಿ, ಒಳಗಿನ ಎರಡು ಅಂಚುಗಳನ್ನು ಆಚೆಗೊಂದು ಈಚೆಗೊಂದು ಬಿಡಿಸಿ ಇಸ್ತ್ರಿ ಮಾಡಿ. ಒಳಗೆ ಉಳಿದ ಬಟ್ಟೆಯನ್ನು ಕತ್ತರಿಸಬೇಡಿ. ನಾಳೆ ಅವನು ಮೈ ಬಿಟ್ಟರೆ ಬಿಡಿಸಿಕೊಡಲು ಅದೇ ಬೇಕು. ಅಸ್ತರಿಯನ್ನು ಕೆಳಗಿಳಿಸಿ ಮೊದಲಿದ್ದ ಗೆರೆಯಲ್ಲೇ ಹಿಡಿದು, ಲೂಪನ್ನು ಹೊಸ ಹೊಲಿಗೆಯ ನಡುಮಧ್ಯಕ್ಕೆ ಕೂರಿಸಿದರೆ ಸೊಂಟ ಮುಗಿಯಿತು.

ಹಂತ 4: ಉದ್ದದ ಗುರುತು

ಆಫೀಸಿಗೆ ಹಾಕುವ ಶೂ ತೊಡಿಸಿ, ಬೆಲ್ಟು ಕಟ್ಟಿಸಿ ನಿಲ್ಲಿಸಿ. ಗುರುತು ಹಾಕುವವರು ಇನ್ನೊಬ್ಬರಾಗಿರಲಿ. ತೊಟ್ಟವರೇ ಬಗ್ಗಿ ಪಿನ್ನು ಚುಚ್ಚಿದರೆ, ಬಗ್ಗಿದಾಗ ಪ್ಯಾಂಟು ಮೇಲೆ ಎಳೆದುಕೊಂಡಿರುತ್ತದೆ, ಅಳತೆ ತಪ್ಪುತ್ತದೆ. ತಲೆ ಬಗ್ಗಿಸಿ ಕಾಲು ನೋಡಿಕೊಳ್ಳುವುದೂ ಬೇಡ, ಎದುರಿನ ಗೋಡೆ ನೋಡುತ್ತ ನಿಲ್ಲಲಿ.

ಮುಂದೆ ಅಂಚು ಶೂವಿನ ಮೇಲೆ ಮೆಲ್ಲಗೆ ತಾಗಿ ಒಂದೇ ಒಂದು ಸಣ್ಣ ಮಡಿಕೆ ಬೀಳಬೇಕು. ಹಿಂದೆ ಹಿಮ್ಮಡಿಯ ಕಡೆ ಅರ್ಧ ಇಂಚು ಇಳಿದಿದ್ದರೆ ನಡೆಯುವಾಗ ಚೆನ್ನಾಗಿ ಕಾಣುತ್ತದೆ. ಎರಡೂ ಕಾಲಿಗೆ ಪಿನ್ನು ಹಾಕಿ. ಒಂದು ಸೊಂಟ ತುಸು ಮೇಲೆ, ಒಂದು ಕೆಳಗೆ ಇರುವವರು ಬಹಳ ಮಂದಿ, ಒಂದೇ ಕಾಲಿನ ಅಳತೆ ಇನ್ನೊಂದಕ್ಕೆ ಹೊಂದುತ್ತದೆ ಎನ್ನಲಾಗದು.

ಸೊಂಟ ಹಿಡಿಯುವ ಮುಂಚೆ ಸುಮ್ಮನೆ ನೋಡಲೆಂದು ನಮ್ಮ ಹುಡುಗನ ಉದ್ದ ಗುರುತು ಮಾಡಿದ್ದೆ. ಪಟ್ಟಿಯ ಮೇಲಂಚಿನಿಂದ 39 ಇಂಚು ಬಂದಿತ್ತು. ಸೊಂಟ ಹಿಡಿದ ಮೇಲೆ ಅದೇ ಶೂ, ಅದೇ ನೆಲ, 39.5 ಬಂತು. ಮೊದಲೇ ಕತ್ತರಿ ಹಾಕಿದ್ದರೆ ಆ ಅರ್ಧ ಇಂಚು ಕಸದ ಬುಟ್ಟಿಯಲ್ಲಿರುತ್ತಿತ್ತು.

ಹಂತ 5: ಕತ್ತರಿ, ಮಡಿಕೆ, ಕೈಹೊಲಿಗೆ

ಪ್ಯಾಂಟಿನ ಉದ್ದ 42 ಇತ್ತು. ಒಳಗೆ ಮಡಿಚಿದ್ದ ಒಂದೂಕಾಲು ಇಂಚನ್ನು ಬಿಚ್ಚಿದಾಗ 43.25 ಆಯಿತು. ಬೇಕಾದ ಉದ್ದ 39.5, ಮಡಿಕೆಗೆ 2 ಇಂಚು, ಒಟ್ಟು 41.5. ಕತ್ತರಿಸಿದ್ದು ಒಂದು ಮುಕ್ಕಾಲು ಇಂಚು ಮಾತ್ರ. ಮಡಿಕೆಗೆ ಅರ್ಧ ಇಂಚು ಬಿಟ್ಟರೂ ಹೊಲಿಯಬಹುದು, ಆದರೆ ಎರಡು ಇಂಚಿನ ಭಾರ ಇದ್ದರೆ ಪ್ಯಾಂಟು ನೆಟ್ಟಗೆ ಇಳಿಬೀಳುತ್ತದೆ. ಬೆಳೆಯುವ ಮಕ್ಕಳ ಸ್ಕೂಲ್ ಪ್ಯಾಂಟಿಗೆ ಇನ್ನೂ ಒಂದು ಇಂಚು ಜಾಸ್ತಿ ಇಡಿ.

ಕತ್ತರಿಸುವ ಮುಂಚೆ ಎರಡೂ ಕಾಲನ್ನು ಒಂದರ ಮೇಲೊಂದು ಹಾಸಿ, ಒಳಗಿನ ಹೊಲಿಗೆಗೆ ಒಳಗಿನ ಹೊಲಿಗೆ ಕೂಡಿಸಿ ಗುರುತುಗಳನ್ನು ಹೋಲಿಸಿ. ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಮತ್ತೆ ತೊಡಿಸಿ ನೋಡಬೇಕು. ಕತ್ತರಿಸಿದ ಅಂಚಿಗೆ ಓವರ್‌ಲಾಕ್ ಬೇಕು. ಮನೆಯಲ್ಲಿ ಇಲ್ಲದಿದ್ದರೆ ಜಿಗ್‌ಜಾಗ್ ಹಾಕಿ, ಅದೂ ಇಲ್ಲದಿದ್ದರೆ ಅಂಚನ್ನು ಕಾಲು ಇಂಚು ಒಳಗೆ ಮಡಿಚಿ ಒಂದು ಸಾಲು ಹೊಲಿಯಿರಿ.

ಈಗಿನ ಪ್ಯಾಂಟುಗಳು ಕೆಳಗೆ ಕಿರಿದು. ಇದರಿಂದ ಒಂದು ತೊಂದರೆ ಇದೆ. ಮಡಿಚಿದ ಎರಡು ಇಂಚು ಕೆಳಗಿನ ಭಾಗದ್ದು, ಅದರ ಸುತ್ತಳತೆ ಚಿಕ್ಕದು. ಅದು ಹೋಗಿ ಅಂಟಬೇಕಾದ ಮೇಲಿನ ಭಾಗದ ಸುತ್ತಳತೆ ದೊಡ್ಡದು. ಹಾಗೇ ಎಳೆದು ಹೊಲಿದರೆ ಹೊರಗೆಲ್ಲ ಸುಕ್ಕು. ಮಡಿಕೆಯೊಳಗೆ ಹೋಗುವ ಎರಡು ಇಂಚಿನಷ್ಟು ಮಾತ್ರ ಒಳಗಾಲಿನ ಹೊಲಿಗೆಯನ್ನು ಬಿಚ್ಚಿ. ತುಂಬ ಕಿರಿದಿದ್ದರೆ ಪಕ್ಕದ್ದನ್ನೂ ಬಿಚ್ಚಿ. ಅಂಚು ತಾನಾಗಿ ಅಗಲವಾಗಿ ಸರಾಗ ಕೂರುತ್ತದೆ. ಮಡಿಚಿದ ಮೇಲೆ ಆ ಬಿಚ್ಚಿದ ಜಾಗ ಕಾಣುವುದಿಲ್ಲ.

ಮಡಿಚಿ ಮೊದಲು ಇಸ್ತ್ರಿ, ಆಮೇಲೆ ಕಚ್ಚಾ ಹೊಲಿಗೆ, ಆಮೇಲೆ ಕೈಯಲ್ಲಿ ಹೆಮ್ಮಿಂಗ್. ಹೊರಬಟ್ಟೆಯಿಂದ ಸೂಜಿ ಒಂದೋ ಎರಡೋ ಎಳೆ ಮಾತ್ರ ಎತ್ತಬೇಕು, ಇಡೀ ಬಟ್ಟೆಯನ್ನು ತೂರಿ ಹೋಗಬಾರದು. ನೂಲು ಒಂದೇ ಎಳೆ, ಬಟ್ಟೆಗಿಂತ ತುಸು ಕಡುಬಣ್ಣ. ಮುಖ್ಯವಾಗಿ ನೂಲನ್ನು ಜಗ್ಗಬೇಡಿ. ಹೊರಗೆ ತಿರುಗಿಸಿದಾಗ ಸಾಲಾಗಿ ಸಣ್ಣ ಗುಳಿಗಳು ಕಂಡರೆ ಬಿಗಿಯಾಗಿದೆ ಎಂದರ್ಥ. ಐದಾರು ಇಂಚಿಗೊಮ್ಮೆ ಒಂದು ಗಂಟು ಹಾಕಿಕೊಂಡು ಹೋದರೆ ಕಾಲ್ಬೆರಳು ಸಿಕ್ಕಿ ಒಂದು ಕಡೆ ಬಿಟ್ಟರೂ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ.

ಹಂತ 6: ಶರ್ಟಿನ ತೋಳು ಅಳೆಯುವುದು

ಫುಲ್ ತೋಳಿಗೆ ಹೆಚ್ಚಿನವರು ಕಫ್ ಮಡಿಚಿಕೊಂಡು ಓಡಾಡುತ್ತಾರೆ, ಯಾಕೆಂದರೆ ಕಫ್ ಬಿಚ್ಚಲು ಭಯ. ಕೆಲಸ ನಿಧಾನದ್ದು ನಿಜ, ಅಸಾಧ್ಯವಲ್ಲ.

ಶರ್ಟು ತೊಡಿಸಿ ಕಫ್ ಗುಂಡಿ ಹಾಕಿಸಿ. ಕೈ ಇಳಿಬಿಟ್ಟಾಗ ಕಫ್ ಅಂಚು ಮಣಿಕಟ್ಟು ದಾಟಿ ಹೆಬ್ಬೆರಳಿನ ಬುಡಕ್ಕೆ ಬರಬೇಕು. ಎಷ್ಟು ಹೆಚ್ಚಿದೆಯೋ ಅಷ್ಟನ್ನು ಮೊಣಕೈಗಿಂತ ಮೇಲೆ ಸುತ್ತಲೂ ಚಿವುಟಿ ಮಡಿಕೆ ಮಾಡಿ ಪಿನ್ನು ಹಾಕಿ. ಈಗ ಕೈ ಮಡಿಚಿ ಎದೆಯ ಮೇಲಿಡಲು ಹೇಳಿ. ಮಡಿಚಿದಾಗಲೂ ಮಣಿಕಟ್ಟಿನ ಮೂಳೆ ಮುಚ್ಚಿರಬೇಕು, ಕಾಣಿಸಿದರೆ ಮಡಿಕೆ ಸ್ವಲ್ಪ ಬಿಡಿ. ಮಡಿಕೆಯ ಆಳದ ಎರಡರಷ್ಟು ಕತ್ತರಿಸಬೇಕಾದ್ದು. ನಮ್ಮದರಲ್ಲಿ ಕತ್ತರಿಸಬೇಕಾದ್ದು ಒಂದೂಕಾಲು ಇಂಚು ಬಂತು.

ಮಿತಿ ಹೇಳುವುದು ಕಫ್ ಮೇಲಿನ ಸೀಳು ಪಟ್ಟಿ. ಕೆಳಗಿನಿಂದ ಕತ್ತರಿಸಿದಷ್ಟೂ ಅದು ಗಿಡ್ಡವಾಗುತ್ತದೆ. ನಮ್ಮ ಶರ್ಟಿನ ಪಟ್ಟಿ 6 ಇಂಚು, ಉಳಿಯುವುದು ನಾಲ್ಕು ಮುಕ್ಕಾಲು, ಅಡ್ಡಿಯಿಲ್ಲ. ಒಂದೂವರೆ ಇಂಚಿಗಿಂತ ಹೆಚ್ಚು ಹೋಗಬೇಕಾದರೆ ಪಟ್ಟಿಯ ಗುಂಡಿ ಕಫ್‌ಗೆ ತಾಗುವಷ್ಟು ಹತ್ತಿರ ಬರುತ್ತದೆ, ತೋಳು ಮೇಲೇರಿಸಲು ಸೀಳು ಸಾಲುವುದಿಲ್ಲ. ಆಗ ಭುಜದ ಕಡೆಯಿಂದ ಬಿಚ್ಚಬೇಕು, ಅಲ್ಲಿನ ಗುಂಡು ಆಕಾರ ಮತ್ತೆ ಕತ್ತರಿಸುವುದು ಪಳಗಿದ ಕೈಯ ಕೆಲಸ.

ಹಂತ 7: ಒಂದು ತೋಳು ಮುಗಿಸಿ ಇನ್ನೊಂದು

ಎರಡೂ ಕಫ್ ಒಟ್ಟಿಗೆ ಬಿಚ್ಚಬೇಡಿ. ಒಂದನ್ನು ಬಿಚ್ಚಿದಾಗ, ಕಫ್ ಸೇರುವ ಕಡೆ ತೋಳಿನಲ್ಲಿದ್ದ ಮಡಿಕೆಗಳು ಯಾವ ಕಡೆ ತಿರುಗಿದ್ದವು, ಪಟ್ಟಿ ಕಫ್‌ನ ತುದಿಗೆ ಹೇಗೆ ಕೂತಿತ್ತು ಎಂದು ಹೇಳಿಕೊಡಲು ಇನ್ನೊಂದು ಕಣ್ಣೆದುರಿಗಿರಬೇಕು. ಬಿಚ್ಚಿದ ಕಫ್‌ನ ಹೊರಮೈಗೆ ಬಣ್ಣದ ನೂಲಿನ ಒಂದು ಹೊಲಿಗೆ ಹಾಕಿಡಿ, ಒಳಹೊರಗು ಅದಲುಬದಲಾದರೆ ಕಾಜಾ ಒಳಗಡೆ ಹೋಗಿ ಕೂರುತ್ತದೆ.

ಕಫ್ ಒಳಗೆ ಅವಿತಿದ್ದ ತೋಳಿನ ಅಂಚು ಈಗ ಹೊರಗೆ ಬಂದಿದೆ. ಮಡಿಕೆಗಳನ್ನು ಬಿಡಿಸಿ ಇಸ್ತ್ರಿ ಮಾಡಿ. ಆ ತುದಿಯಂಚಿನಿಂದ ಒಂದೂಕಾಲು ಇಂಚು ಮೇಲೆ ಗೆರೆ ಎಳೆದು ಕತ್ತರಿಸಿ. ಹಳೆಯ ಹೊಲಿಗೆ ಗುರುತಿನಿಂದ ಅಳೆದು ಕತ್ತರಿಸುವವರಿದ್ದಾರೆ. ಕಫ್ ಒಳಗೆ ಹೋಗಬೇಕಾದ ಬಟ್ಟೆಯೂ ಹಾಗೆ ಹೋಗಿಬಿಡುತ್ತದೆ, ತೋಳು ಲೆಕ್ಕಕ್ಕಿಂತ ಇನ್ನೂ ಕಾಲು ಅರ್ಧ ಇಂಚು ಗಿಡ್ಡ.

ತೋಳು ಮೇಲೆ ಹೋದಷ್ಟೂ ಅಗಲ, ಆದ್ದರಿಂದ ಹೊಸ ಅಂಚು ಕಫ್‌ಗಿಂತ ದೊಡ್ಡದು. ನಮ್ಮದರಲ್ಲಿ ಅರ್ಧ ಇಂಚು ಹೆಚ್ಚು ಬಂತು. ಇದನ್ನು ಮಡಿಕೆಗಳಲ್ಲೇ ನುಂಗಿಸಬೇಕು. ಎರಡು ಮಡಿಕೆಗಳಿದ್ದವು, ಒಂದೊಂದನ್ನೂ ಅರೆಕಾಲು ಇಂಚು, ಅಂದರೆ ಟೇಪಿನ ಕಾಲು ಇಂಚಿನ ಅರ್ಧ, ಹೆಚ್ಚು ಆಳ ಮಾಡಿದೆ. ಒಂದು ಮಡಿಕೆ ತನ್ನ ಆಳದ ಎರಡರಷ್ಟು ಬಟ್ಟೆ ತಿನ್ನುತ್ತದೆ, ಹೀಗೆ ಎರಡರಲ್ಲಿ ಅರ್ಧ ಇಂಚು ಮುಗಿಯಿತು.

ತೋಳಿನ ಅಂಚನ್ನು ಕಫ್‌ನ ಬಾಯೊಳಗೆ ಮೊದಲಿದ್ದಷ್ಟೇ ಆಳಕ್ಕೆ ತೂರಿಸಿ. ಸೀಳಿನ ಎರಡೂ ಅಂಚು ಕಫ್‌ನ ಎರಡೂ ತುದಿಗೆ ಸರಿಸಮ ನಿಲ್ಲಬೇಕು. ಕಫ್ ಹೊರಗೆ ಚಾಚಿಕೊಂಡರೆ ಮಡಿಕೆ ಹೆಚ್ಚು ಆಳವಾಗಿದೆ, ಬಟ್ಟೆ ಮುದುಡಿ ನಿಂತರೆ ಆಳ ಸಾಲದು. ಪಿನ್ನು ನಂಬಿ ಮೆಷಿನ್ನಿಗೆ ಹೋಗಬೇಡಿ, ಕಫ್ ಗಟ್ಟಿ, ತೋಳು ನುಣುಪು, ಜಾರುತ್ತದೆ. ಪೂರ್ತಿ ಕಚ್ಚಾ ಹೊಲಿಗೆ ಹಾಕಿ, ಹೊರಮೈಯಿಂದ ಹಳೆಯ ಸೂಜಿ ತೂತುಗಳ ಸಾಲಿನ ಮೇಲೆಯೇ ಹೊಲಿಯಿರಿ. ಹೊಸ ಸಾಲು ಬೇರೆ ಕಡೆ ಬಿದ್ದರೆ ಹಳೆಯ ತೂತು ಪಕ್ಕದಲ್ಲೇ ಎದ್ದು ಕಾಣುತ್ತದೆ. ಹೊಲಿದ ಮೇಲೆ ತಿರುಗಿಸಿ ಒಳಪದರ ಎಲ್ಲ ಕಡೆ ಸಿಕ್ಕಿದೆಯೇ ನೋಡಿ, ಒಂದೆರಡು ಕಡೆ ತಪ್ಪಿದ್ದರೆ ಅಷ್ಟನ್ನೇ ಕೈಯಲ್ಲಿ ಹಿಡಿಯಬಹುದು.

ಈಗ ಮುಗಿದ ತೋಳನ್ನು ತೊಡಿಸಿ ನೋಡಿ, ಸರಿ ಇದ್ದರೆ ಮಾತ್ರ ಎರಡನೆಯ ಕಫ್‌ಗೆ ರಿಪ್ಪರ್ ಹಚ್ಚಿ. ಅದಕ್ಕೂ ಆ ಕೈಯದೇ ಅಳತೆ ತೆಗೆದುಕೊಳ್ಳಿ. ನಮ್ಮ ಹುಡುಗನ ಬಲ ಭುಜ ತುಸು ಇಳಿದಿದೆ, ಬಲತೋಳಿನಿಂದ ಕಾಲು ಇಂಚು ಹೆಚ್ಚು ತೆಗೆಯಬೇಕಾಯಿತು. ಕತ್ತರಿಸಿದ ತುಂಡುಗಳನ್ನು ಪ್ಯಾಂಟಿನದು, ಶರ್ಟಿನದು ಬೇರೆ ಬೇರೆ ಪೊಟ್ಟಣ ಕಟ್ಟಿ ಅವನ ಕೈಗೇ ಕೊಟ್ಟೆ. ಮುಂದೆ ಜೇಬಿನ ಮೂಲೆ ಹರಿದರೆ, ಮೊಳೆ ಸಿಕ್ಕಿ ತೂತು ಬಿದ್ದರೆ, ಅದೇ ಬಣ್ಣದ ತೇಪೆ ಅಂಗಡಿಯಲ್ಲಿ ಸಿಗುವುದಿಲ್ಲ.